ಪಟ್ಟಿ ಎಲ್ಲಿದೆ ಎಂಬ ಪ್ರಶ್ನೆಗೆ ನನ್ನ ಪ್ರಸ್ತಾವನೆ ಉರುಳಿಬಿತ್ತು

ಎಂ.ಎ. ಎರಡನೇ ವರ್ಷದ ಪ್ರಬಂಧಕ್ಕೆ ನಾನು ಮೊದಲು ಬರೆದುಕೊಂಡು ಹೋದ ಶೀರ್ಷಿಕೆ ‘ಬೆಂಗಳೂರಿನ ಮನೆಗೆಲಸದ ಮಹಿಳೆಯರ ಸಾಮಾಜಿಕ-ಆರ್ಥಿಕ ಸ್ಥಿತಿಗತಿ: ಒಂದು ಸಮಾಜಶಾಸ್ತ್ರೀಯ ಅಧ್ಯಯನ’. ಮಾದರಿ ಆಯ್ಕೆಯ ಜಾಗದಲ್ಲಿ ಒಂದೇ ಸಾಲು: ಯಾದೃಚ್ಛಿಕವಾಗಿ 100 ಮಂದಿಯನ್ನು ಆರಿಸಲಾಗುವುದು. ಗೈಡ್ ಮೇಡಂ ಓದಿ, ‘ಯಾವ ಪಟ್ಟಿಯಿಂದ ಆರಿಸ್ತೀಯಮ್ಮ?’ ಅಂದರು. ಉತ್ತರ ಇರಲಿಲ್ಲ. ಯಾದೃಚ್ಛಿಕ ಅಂದರೆ ಸಿಕ್ಕಸಿಕ್ಕವರನ್ನು ಮಾತಾಡಿಸುವುದಲ್ಲ. ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಅವಕಾಶ ಇಷ್ಟು ಅಂತ ಲೆಕ್ಕ ಹೇಳಲು ಬರಬೇಕು. ನಗರದ ಮನೆಗೆಲಸದವರೆಲ್ಲರ ಹೆಸರಿರುವ ಪಟ್ಟಿಯೇ ನನ್ನ ಕೈಗೆ ಸಿಗುವಂತಿರಲಿಲ್ಲ.

ಅಪಾರ್ಟ್‌ಮೆಂಟ್ ಗೇಟಿನಲ್ಲಿ ಒಳಬರುವವರ ದಾಖಲೆ ಇರುತ್ತದಲ್ಲ, ಅದನ್ನೇ ಕೇಳೋಣ ಅನ್ನಿಸಿತು. ಅದಕ್ಕೆ ಮೊದಲು ಎಚ್‌ಎಸ್‌ಆರ್ ಬಡಾವಣೆಯ ಒಂದು ಬಸ್ ಸ್ಟಾಪಿನಲ್ಲಿ ಕೆಲಸ ಮುಗಿಸಿ ಹೊರಟಿದ್ದ ಮೂವರನ್ನು ಮಾತಾಡಿಸಿದೆ. ಒಬ್ಬಾಕೆ ಕೇಳಿದ ಮೊದಲ ಮಾತೇ ‘ಅಸೋಸಿಯೇಷನ್‌ನೋರು ಕಳ್ಸಿದ್ರಾ?’ ಅಂತ. ಮಾಲೀಕರ ಕಡೆಯಿಂದ ಪಡೆದ ಪಟ್ಟಿ ಹಿಡಿದು ಹೋದರೆ ಅವರ ಕಣ್ಣಿಗೆ ನಾನೂ ಮಾಲೀಕರ ಕಡೆಯವಳೇ. ಗೇಟಿನ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಆ ಮೂವರ ಮಾತಿನಲ್ಲಿ ಸಂಬಳಕ್ಕಿಂತ ಹೆಚ್ಚು ಬಂದದ್ದು ರಜೆ. ಹಬ್ಬಕ್ಕೆ ಊರಿಗೆ ಹೋಗಬೇಕೆಂದರೆ ಬದಲಿ ಆಳನ್ನು ತಾವೇ ಹುಡುಕಿಕೊಡಬೇಕು. ಒಂದು ಮನೆಯವರು ಒಪ್ಪಿದರೆ ಇನ್ನೊಂದು ಮನೆಯವರು ಒಪ್ಪುವುದಿಲ್ಲ. ಹಾಗಾಗಿ ಉದ್ದೇಶವನ್ನು ಇಷ್ಟಕ್ಕೆ ಇಳಿಸಿದೆ: ಮನೆಗೆಲಸದ ಮಹಿಳೆಯರು ರಜೆಯನ್ನು ಹೇಗೆ ಕೇಳುತ್ತಾರೆ, ಹೇಗೆ ಪಡೆಯುತ್ತಾರೆ ಎಂದು ಅರಿಯುವುದು. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದು ಪ್ರಶ್ನೆ, ಅದಕ್ಕೆ ಬೇಕಾದ ಮಾಹಿತಿ, ಕೊಡುವವರು ಯಾರು, ಪಡೆಯುವುದು ಹೇಗೆ ಅಂತ ತುಂಬಿಸತೊಡಗಿದೆ. ‘ರಜೆ ಸಿಗದಿರುವುದರಿಂದ ಆರೋಗ್ಯದ ಮೇಲೆ ಆಗುವ ಪರಿಣಾಮವೇನು?’ ಎಂಬ ನನ್ನ ಪ್ರೀತಿಯ ಪ್ರಶ್ನೆ ಅಲ್ಲೇ ಸತ್ತಿತು. ಪರಿಣಾಮ ಅಂತ ಬರೆದರೆ ರಜೆ ಸಿಗುವವರನ್ನೂ ಸಿಗದವರನ್ನೂ ದೊಡ್ಡ ಸಂಖ್ಯೆಯಲ್ಲಿ ಹೋಲಿಸಬೇಕು. ಆಳವಾದ ಸಂದರ್ಶನದಲ್ಲಿ ಅದು ಆಗುವ ಕೆಲಸವಲ್ಲ.

ಮಾದರಿಗೆ ಮೂರು ವಾರ ಹಿಡಿಯಿತು. ಒಬ್ಬರು ಇನ್ನೊಬ್ಬರನ್ನು ತೋರಿಸುವ ಹಿಮದುಂಡೆ ವಿಧಾನ ಅಂತ ಬರೆದೆ. ಪ್ರಯೋಗಕ್ಕೆ ಒಬ್ಬ ಅಕ್ಕನನ್ನು ಕೇಳಿದಾಗ ಮೂರು ಹೆಸರು ಕೊಟ್ಟರು: ತಂಗಿ, ನಾದಿನಿ, ಪಕ್ಕದ ಮನೆಯವರು. ಎಲ್ಲರದೂ ಒಂದೇ ಓಣಿ, ಒಂದೇ ಊರ ಕಡೆಯವರು. ಹೀಗೇ ಉರುಳಿಸುತ್ತ ಹೋಗಿದ್ದರೆ ಒಂದು ದೊಡ್ಡ ಕುಟುಂಬದ ಕಥೆ ಬರೆಯುತ್ತಿದ್ದೆ. ಆಮೇಲೆ ಎರಡು ಕಟ್ಟು ಹಾಕಿಕೊಂಡೆ. ಬಸ್ ಸ್ಟಾಪು, ಅಂಗನವಾಡಿ, ರೇಷನ್ ಅಂಗಡಿ, ಕಾರ್ಮಿಕ ಸಂಘ ಹೀಗೆ ಒಂದಕ್ಕೊಂದು ನಂಟಿಲ್ಲದ ನಾಲ್ಕು ಕಡೆಯಿಂದ ಶುರು ಮಾಡುವುದು. ಒಬ್ಬರಿಂದ ಎರಡಕ್ಕಿಂತ ಹೆಚ್ಚು ಹೆಸರು ತೆಗೆದುಕೊಳ್ಳದಿರುವುದು.

ಸಂದರ್ಶಿಸಬೇಕಾದವರ ಸಂಖ್ಯೆ 24 ಬಂದದ್ದು ಪ್ರಶ್ನೆಯಿಂದಲೇ. ಅಪಾರ್ಟ್‌ಮೆಂಟಿನಲ್ಲಿ ದುಡಿಯುವವರು, ಬಿಡಿ ಮನೆಗಳಲ್ಲಿ ದುಡಿಯುವವರು. ಎರಡರಲ್ಲೂ ಒಂದೇ ಮನೆ ಹಿಡಿದವರು, ಹಲವು ಮನೆ ಹಿಡಿದವರು. ನಾಲ್ಕು ಗುಂಪು, ಗುಂಪಿಗೆ ಆರು ಜನ. ಕೊನೆಯ ಸಂದರ್ಶನಗಳಲ್ಲೂ ಹೊಸ ವಿಷಯ ಬರುತ್ತಿದ್ದರೆ ಆ ಗುಂಪಿಗೆ ಇನ್ನಿಬ್ಬರನ್ನು ಸೇರಿಸುವೆ ಅಂತಲೂ ಬರೆದಿದ್ದೆ.

ಮಿತಿಗಳಲ್ಲಿ ‘ಸಮಯ ಮತ್ತು ಹಣದ ಅಭಾವ’ ಅಂತ ಹಾಕಿದ್ದೆ, ಎಲ್ಲರೂ ಹಾಕುವ ಹಾಗೆ. ಮೇಡಂ ಅದರ ಮೇಲೆ ಗೆರೆ ಎಳೆದು, ‘ಇದು ನಿನ್ನ ಕಷ್ಟ. ಅಧ್ಯಯನದ ಉತ್ತರ ಯಾವ ಕಡೆ ವಾಲುತ್ತೆ ಅನ್ನೋದನ್ನ ಬರಿ’ ಅಂದರು. ಯೋಚಿಸಿದಾಗ ಹೊಳೆದದ್ದು ನನಗೇ ಗಾಬರಿ ಹುಟ್ಟಿಸಿತು. ಒಂದು ಗಂಟೆ ಕೂತು ಮಾತಾಡಲು ಸಿಗುವವರು ಸ್ವಲ್ಪವಾದರೂ ಬಿಡುವಿರುವವರು. ರಜೆಯೇ ಸಿಗದವರು ನನಗೂ ಸಿಗುವುದಿಲ್ಲ. ಅಂದರೆ ನನ್ನ ಅಧ್ಯಯನ ಪರಿಸ್ಥಿತಿಯನ್ನು ಇದ್ದದ್ದಕ್ಕಿಂತ ಮೆದುವಾಗಿ ತೋರಿಸುವ ಸಂಭವವೇ ಹೆಚ್ಚು. ಅದನ್ನು ಹಾಗೆಯೇ ಬರೆದೆ. ಮಾಲೀಕರ ಮನೆಯಲ್ಲೇ ಉಳಿದು ದುಡಿಯುವವರೂ ಕನ್ನಡ, ತೆಲುಗು ಬಾರದವರೂ ಇದರೊಳಗೆ ಬರುವುದಿಲ್ಲ ಅಂತಲೂ ಸೇರಿಸಿದೆ.

ಈ ಮಿತಿಯಿಂದಾಗಿ ಹಿಂದಿರುಗಿ ವಿಧಾನವನ್ನೇ ತಿದ್ದಬೇಕಾಯಿತು. ಬಿಡುವಿಲ್ಲದವರ ಜೊತೆ ಒಂದು ಮನೆಯಿಂದ ಇನ್ನೊಂದು ಮನೆಗೆ ನಡೆಯುತ್ತ, ಬಸ್ಸಿನಲ್ಲಿ ಕೂತು, ತುಂಡುತುಂಡಾಗಿ ಎರಡು ಮೂರು ದಿನ ಮಾತಾಡುವುದು ಅಂತ ಸೇರಿಸಿದೆ. ಪ್ರಸ್ತಾವನೆ ನೋಡುವ ಸಮಿತಿಯಲ್ಲಿ ಒಬ್ಬರು, ‘ಬಸ್ಸಲ್ಲಿ ರೆಕಾರ್ಡ್ ಹೇಗೆ ಮಾಡ್ತೀರಿ?’ ಅಂದರು. ಮಾಡುವುದಿಲ್ಲ ಸಾರ್, ಪಕ್ಕದಲ್ಲಿ ಕೂತವರಿಗೂ ಕೇಳುತ್ತಿರುತ್ತದೆ, ಮಾಲೀಕರ ಹೆಸರು ಬರಬಹುದು. ಇಳಿದ ಮೇಲೆ ಟಿಪ್ಪಣಿ ಬರೆದುಕೊಳ್ಳುತ್ತೇನೆ ಅಂದೆ. ಅದನ್ನೂ ಪ್ರಸ್ತಾವನೆಯಲ್ಲಿ ಸೇರಿಸಿ ಕೊಡಿ ಅಂದರು.