ಹಗಲಿಗೆ ಮುಳ್ಳಿನ ಗಡಿಯಾರ, ರಾತ್ರಿಗೆ ಸ್ಮಾರ್ಟ್‌ವಾಚ್: ನನ್ನ ಅನುಭವ

ಎಪ್ಪತ್ತು ದಾಟಿದ ನನಗೆ ಕೈಗಡಿಯಾರದಿಂದ ಎರಡು ಕೆಲಸಗಳು ಆಗಬೇಕಿದ್ದವು. ಚಾಳೀಸು ಕನ್ನಡಕ ಹುಡುಕದೆ ಗಂಟೆ ತಿಳಿಯಬೇಕು ಎಂಬುದು ಒಂದು. ಮಿಡಿತವನ್ನು ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಯನ್ನು ಆರಂಭಿಸಿದ ವೈದ್ಯರು, ವಿಶ್ರಾಂತಿಯಲ್ಲಿರುವಾಗಿನ ನಾಡಿಮಿಡಿತವನ್ನು ಗಮನಿಸುತ್ತಿರಲು ಹೇಳಿದ್ದು ಇನ್ನೊಂದು. ಎರಡಕ್ಕೂ ಸ್ಮಾರ್ಟ್‌ವಾಚ್ ಒಂದೇ ಸಾಕೇ ಎಂದು ತಿಳಿಯಲು, ಅದನ್ನು ನನ್ನ ಹಳೆಯ ಮುಳ್ಳಿನ ಗಡಿಯಾರದೊಂದಿಗೆ ಕೆಲವು ಕಾಲ ಜೊತೆಯಾಗಿ ಬಳಸಿದೆ.

ಓದುವ ವಿಷಯದಲ್ಲಿ ಸ್ಮಾರ್ಟ್‌ವಾಚ್ ಸುಲಭವಾಗಿ ಗೆಲ್ಲಬಹುದೆಂದು ತೋರುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಗಂಟೆ, ನಿಮಿಷಗಳನ್ನು ಮಾತ್ರ ದಪ್ಪ ಬಿಳಿ ಅಂಕಿಗಳಲ್ಲಿ ತೋರಿಸುವ ಮುಖಪುಟವನ್ನು ಆರಿಸಿ, ಹವಾಮಾನ, ಹೆಜ್ಜೆ ಮುಂತಾದ ಸಣ್ಣ ಅಕ್ಷರಗಳನ್ನೆಲ್ಲ ತೆಗೆದುಹಾಕಿದರೆ ಕನ್ನಡಕವಿಲ್ಲದೆಯೂ ಓದಬಹುದು. ಆದರೆ ಬ್ಯಾಟರಿ ಉಳಿಸಲು ಪರದೆ ಆರಿಹೋಗಿರುತ್ತದೆ, ಕೈ ಎತ್ತಿ ತಿರುಗಿಸಿದಾಗ ಮಾತ್ರ ಬೆಳಗುತ್ತದೆ. ನಿಧಾನವಾಗಿ ಎತ್ತುವ ಅಥವಾ ಕೋಲು ಹಿಡಿದ ಕೈಯ ಚಲನೆ ಅದಕ್ಕೆ ಎಷ್ಟೋ ಸಲ ಅರ್ಥವಾಗುವುದಿಲ್ಲ. ಸದಾ ಬೆಳಗಿರುವಂತೆ ಹೊಂದಿಸಿದರೆ ಆ ತೊಂದರೆ ನೀಗುತ್ತದೆ, ಆದರೆ ಚಾರ್ಜ್ ಬಹುಬೇಗ ಮುಗಿಯುತ್ತದೆ. ಮುಳ್ಳಿನ ಗಡಿಯಾರದಲ್ಲಿ ನಾವು ನಿಜವಾಗಿ ಅಂಕಿಗಳನ್ನು ಓದುವುದಿಲ್ಲ, ಎರಡು ಮುಳ್ಳುಗಳ ನಡುವಿನ ಕೋನವನ್ನು ನೋಡುತ್ತೇವೆ. ಆದ್ದರಿಂದ ದೃಷ್ಟಿ ಮಂಜಾಗಿದ್ದರೂ ಗಂಟೆ ತಿಳಿಯುತ್ತದೆ. ಇದಕ್ಕೆ ಬಿಳಿ ಡಯಲ್ ಮೇಲೆ ಅಗಲವಾದ ಕಪ್ಪು ಮುಳ್ಳುಗಳಿರಬೇಕು. ಬೆಳ್ಳಿ ಬಣ್ಣದ ಡಯಲ್ ಮೇಲೆ ಬೆಳ್ಳಿ ಬಣ್ಣದ ಮುಳ್ಳುಗಳಿದ್ದರೆ, ಗಡಿಯಾರ ಎಷ್ಟೇ ದೊಡ್ಡದಾದರೂ ಬೆಳಕು ಬಿದ್ದಾಗ ಮುಳ್ಳುಗಳು ಮಾಯವಾಗುತ್ತವೆ. ತಾರೀಖಿನ ಕಿಂಡಿ ಮಾತ್ರ ನನ್ನ ಕಣ್ಣಿಗೆ ನಿಲುಕಲಿಲ್ಲ.

ನಾಡಿಯ ವಿಷಯಕ್ಕೆ ಹೆಚ್ಚು ಸಮಯ ಕೊಟ್ಟೆ. ಸ್ಮಾರ್ಟ್‌ವಾಚಿನ ತಳದಲ್ಲಿರುವ ಹಸಿರು ದೀಪ ಚರ್ಮದೊಳಕ್ಕೆ ಬೆಳಕು ಹಾಯಿಸುತ್ತದೆ. ಪ್ರತಿ ಮಿಡಿತಕ್ಕೂ ರಕ್ತದ ಪ್ರಮಾಣ ಬದಲಾದಂತೆ ಮರಳುವ ಬೆಳಕೂ ಬದಲಾಗುತ್ತದೆ, ಅದನ್ನೇ ಅದು ಎಣಿಸುತ್ತದೆ. ಪಟ್ಟಿ ಸಡಿಲವಾಗಿದ್ದರೆ ಹೊರಗಿನ ಬೆಳಕು ನುಸುಳಿ ಲೆಕ್ಕ ಕೆಡುತ್ತದೆ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಿನಷ್ಟು ಮೇಲೆ, ಜಾರದಂತೆ ಆದರೆ ಚರ್ಮದಲ್ಲಿ ಗುರುತು ಮೂಡದಂತೆ ಕಟ್ಟಿಕೊಂಡೆ. ಪರೀಕ್ಷಿಸಲು ಮುಳ್ಳಿನ ಗಡಿಯಾರದ ಸೆಕೆಂಡಿನ ಮುಳ್ಳೇ ನೆರವಾಯಿತು. ಕುಳಿತು ವಿಶ್ರಮಿಸಿದ ಮೇಲೆ ಹೆಬ್ಬೆರಳ ಬುಡದ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿದಾಗ 62 ಬಂತು, ಸ್ಮಾರ್ಟ್‌ವಾಚ್ 63 ಎಂದಿತು.

ನಡಿಗೆಯಲ್ಲಿ ಮಾತ್ರ ಕಥೆ ಬೇರೆಯಾಯಿತು. ಮಾತ್ರೆ ತೆಗೆದುಕೊಂಡಿದ್ದರೂ ಪರದೆ 112 ತೋರಿಸಿತು. ನಿಂತು 15 ಸೆಕೆಂಡು ಎಣಿಸಿದರೆ 22 ಮಿಡಿತ, ಅಂದರೆ ನಿಮಿಷಕ್ಕೆ 88. ಮತ್ತೆ ಅದೇ ವೇಗದಲ್ಲಿ ನಡೆಯುತ್ತ ಹೆಜ್ಜೆಗಳನ್ನು ಎಣಿಸಿದಾಗ ಅವು ನಿಮಿಷಕ್ಕೆ ಸುಮಾರು 112 ಇದ್ದವು. ಕೈ ಬೀಸುವ ಲಯವನ್ನೇ ಸೆನ್ಸರ್ ಮಿಡಿತವೆಂದು ಎಣಿಸುತ್ತಿತ್ತು. ಇದನ್ನು ಗುರುತಿಸುವುದು ಕಷ್ಟವಲ್ಲ: ನಿಜವಾದ ಮಿಡಿತ ನಿಂತ ಮೇಲೆ ಕ್ರಮೇಣ ಇಳಿಯುತ್ತದೆ, ಹೆಜ್ಜೆಯ ಲಯಕ್ಕೆ ಸಿಕ್ಕಿಕೊಂಡ ಅಂಕಿ ನಿಂತೊಡನೆ ಒಮ್ಮೆಲೇ ಕುಸಿಯುತ್ತದೆ. ಇಂಥ ಅಂಕಿಯನ್ನು ನೋಡಿ ಹಿರಿಯರು ಗಾಬರಿಯಾಗುವುದಾಗಲಿ, ತಾವಾಗಿಯೇ ಮಾತ್ರೆ ಹೆಚ್ಚಿಸುವುದಾಗಲಿ ಆಗಬಾರದು ಎಂಬುದು ನನ್ನ ಕಳಕಳಿ.

ಕೈ ಅಲುಗದೆ ಇರುವಾಗಲೇ ಸೆನ್ಸರ್ ಹೆಚ್ಚು ನಂಬಿಕೆಗೆ ಅರ್ಹವೆಂದಾದರೆ, ಅದಕ್ಕೆ ತಕ್ಕ ಹೊತ್ತು ರಾತ್ರಿಯೇ. ಆದ್ದರಿಂದ ಸ್ಮಾರ್ಟ್‌ವಾಚನ್ನು ಮಲಗುವ ಮುನ್ನ ಕಟ್ಟಿಕೊಂಡು, ಪರದೆ ತಾನಾಗಿ ಬೆಳಗದಂತೆ ಹೊಂದಿಸಿ, ಬೆಳಿಗ್ಗೆ ಬಿಚ್ಚಿ ಚಾರ್ಜಿಗೆ ಇಡುತ್ತೇನೆ. ಹಗಲೆಲ್ಲ ಮುಳ್ಳಿನ ಗಡಿಯಾರ ಕೈಯಲ್ಲಿರುತ್ತದೆ. ಮಿಡಿತ ತೀರ ಇಳಿದರೆ ಎಚ್ಚರಿಸುವ ಮಿತಿಯನ್ನು ವೈದ್ಯರನ್ನು ಕೇಳಿ 45ಕ್ಕೆ ಇಟ್ಟಿದ್ದೇನೆ. ಅವರಿಗೆ ತೋರಿಸುವುದು ಒಂದೊಂದು ದಿನದ ಅಂಕಿಯನ್ನಲ್ಲ, ವಾರಗಳ ಏರಿಳಿತವನ್ನು. ರಕ್ತದೊತ್ತಡವನ್ನು ಈಗಲೂ ತೋಳಿಗೆ ಪಟ್ಟಿ ಕಟ್ಟುವ ಯಂತ್ರದಿಂದಲೇ ನೋಡಿಕೊಳ್ಳುತ್ತೇನೆ, ಏಕೆಂದರೆ ಮಣಿಕಟ್ಟಿನಲ್ಲಿ ಅದನ್ನು ಅಂದಾಜಿಸುವ ಸ್ಮಾರ್ಟ್‌ವಾಚುಗಳನ್ನೂ ಇಂಥ ಯಂತ್ರದೊಂದಿಗೆ ಆಗಾಗ ಸರಿಹೊಂದಿಸಬೇಕಾಗುತ್ತದೆ.

ಬಿದ್ದುಹೋಗುವ ಭಯವಿರುವವರಿಗೆ, ಅದರಲ್ಲೂ ಒಂಟಿಯಾಗಿ ವಾಸಿಸುವವರಿಗೆ, ನನ್ನ ಈ ಏರ್ಪಾಡು ಸರಿಹೋಗುವುದಿಲ್ಲ. ಬಿದ್ದದ್ದನ್ನು ಗುರುತಿಸಿ ಮನೆಯವರಿಗೆ ಕರೆ ಹೋಗಬೇಕಾದರೆ ಸ್ಮಾರ್ಟ್‌ವಾಚ್ ಹಗಲೂ ಕೈಯಲ್ಲಿರಬೇಕು, ನೀರು ತಡೆಯುವಂಥದ್ದಾಗಿ ಬಚ್ಚಲಲ್ಲೂ ಇರಬೇಕು. ಅಂಥವರು ದೊಡ್ಡ ಅಂಕಿಯ ಮುಖಪುಟವನ್ನು ಸದಾ ಬೆಳಗಿರುವಂತೆ ಇಟ್ಟು, ಮನೆಯಲ್ಲಿ ಇನ್ನೊಬ್ಬರು ಜೊತೆಗಿರುವ ಹೊತ್ತಿನಲ್ಲಿ ದಿನವೂ ಚಾರ್ಜ್ ಮಾಡಿಕೊಳ್ಳುವುದು ಉತ್ತಮ.