ಮೇಲಿನ ದವಡೆ ಹಲ್ಲಿನ ನೋವು: ಹಲ್ಲಿನದೋ, ಸೈನಸ್‌ನದೋ?

ಮೇಲಿನ ದವಡೆ ಹಲ್ಲು ನೋಯುತ್ತದೆ ಎಂದು ಬಂದವರಿಗೆ ನಾನು ಮೊದಲು ಹೇಳುವುದು, "ಯಾವ ಹಲ್ಲು, ಒಂದೇ ಬೆರಳಲ್ಲಿ ಮುಟ್ಟಿ ತೋರಿಸಿ" ಅಂತ. ಹಲ್ಲಿನದೇ ತೊಂದರೆಯಾದರೆ ಬೆರಳು ಸಾಮಾನ್ಯವಾಗಿ ಒಂದು ಕಡೆ ನಿಲ್ಲುತ್ತದೆ. ಆ ದಿನ ಬಂದಿದ್ದ ಹೆಂಗಸು ಮಾತ್ರ ಬಲಗೆನ್ನೆಯ ಮೇಲೆ ಬೆರಳನ್ನು ಹಿಂದೆ ಮುಂದೆ ಆಡಿಸಿ, "ಈ ಸಾಲು ಪೂರ್ತಿ, ಡಾಕ್ಟ್ರೇ. ಕೊನೆಯದನ್ನು ಕಿತ್ತುಬಿಡಿ" ಎಂದರು. ಮಾತು ಮೂಗಿನಲ್ಲೇ ಬರುತ್ತಿತ್ತು. ನೆಗಡಿಯಾಗಿ ಒಂದು ವಾರವಾಗಿತ್ತಂತೆ.

ಕೆನ್ನೆಮೂಳೆಯೊಳಗಿನ ಸೈನಸ್ ಒಂದು ಗಾಳಿಗೂಡು. ಮೇಲಿನ ದವಡೆ ಹಲ್ಲುಗಳ ಬೇರು ಅದರ ತಳಕ್ಕೆ ತೀರಾ ಹತ್ತಿರ, ಕೆಲವರಲ್ಲಿ ನಡುವೆ ಕಾಗದದಷ್ಟು ತೆಳುವಾದ ಮೂಳೆ ಅಷ್ಟೆ. ಆ ಹಲ್ಲುಗಳ ನರಗಳೂ ಸೈನಸ್ ಗೋಡೆಯಲ್ಲೇ ಹಾದುಬರುತ್ತವೆ. ಹಾಗಾಗಿ ಸೈನಸ್ ಕಟ್ಟಿ ಊದಿಕೊಂಡಾಗ ಹಲ್ಲೇ ನೋಯುತ್ತಿದೆ ಅನ್ನಿಸುತ್ತದೆ.

ಕನ್ನಡಿಯ ಹಿಡಿಯಿಂದ ಹಲ್ಲುಗಳನ್ನು ಮೆಲ್ಲಗೆ ತಟ್ಟಿದೆ. ಮೂರು ಹಲ್ಲು ಒಂದೇ ಸಮ ನೊಂದವು. ಬೇರಿನಲ್ಲಿ ಕೀವಾಗಿದ್ದರೆ ಸಾಮಾನ್ಯವಾಗಿ ಒಂದು ಹಲ್ಲು ತಟ್ಟಿದಾಗ ಮಾತ್ರ ರೋಗಿ ಬೆಚ್ಚಿಬೀಳುತ್ತಾರೆ. ಆಮೇಲೆ ತಣ್ಣನೆಯ ಹತ್ತಿ. ಅದನ್ನು ಯಾವಾಗಲೂ ನೋವಿಲ್ಲದ ಕಡೆಯ ಹಲ್ಲಿನಿಂದ ಶುರುಮಾಡುತ್ತೇನೆ, ಅವರಿಗೆ ಸಹಜ ಯಾವುದೆಂದು ಗೊತ್ತಾಗಬೇಕಲ್ಲ. ಎರಡೂ ಕಡೆ ಜುಮ್ಮೆಂದು, ಹತ್ತಿ ತೆಗೆದ ಕೂಡಲೇ ಹೋಯಿತು. ಹಲ್ಲಿನ ಒಳಗಿನ ನರ ಉರಿಯುತ್ತಿದ್ದರೆ ನೋವು ಅರ್ಧ ನಿಮಿಷ, ಅದಕ್ಕೂ ಹೆಚ್ಚು ಎಳೆಯುತ್ತದೆ. ನರ ಸತ್ತಿದ್ದರೆ ತಣ್ಣಗೇ ಅನ್ನಿಸುವುದಿಲ್ಲ.

ಕೊನೆಗೆ ಕುರ್ಚಿಯಿಂದ ಇಳಿಸಿ, ಚಪ್ಪಲಿ ಎತ್ತಿಕೊಳ್ಳುವವರ ಹಾಗೆ ಬಗ್ಗಿ ಅಂದೆ. ಬಗ್ಗಿದ್ದೇ ತಡ, ಕೈ ಕೆನ್ನೆಗೆ ಹೋಯಿತು. "ಮೆಟ್ಟಿಲು ಇಳಿಯುವಾಗಲೂ ಹೀಗೇ ಕುಕ್ಕುತ್ತೆ" ಎಂದರು. ಎಕ್ಸ್‌ರೇಯಲ್ಲಿ ಹುಳುಕಾಗಲಿ, ಬೇರಿನ ತುದಿಯಲ್ಲಿ ಕಪ್ಪು ಕಲೆಯಾಗಲಿ ಇರಲಿಲ್ಲ.

ಹಲ್ಲು ಮುಟ್ಟಲಿಲ್ಲ. ಕುದಿಸಿ ಆರಿಸಿದ ನೀರಿನ ಉಪ್ಪುದ್ರಾವಣದಿಂದ ಮೂಗು ತೊಳೆಯಲು, ನೋವಿಗೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಲು ಹೇಳಿದೆ. ಮೂಗು ಬಿಡಿಸುವ ಡ್ರಾಪ್ಸ್ ಕೊಟ್ಟೆ, ಆದರೆ ಮೂರು-ನಾಲ್ಕು ದಿನಕ್ಕೆ ಮಾತ್ರ. ಹೆಚ್ಚು ದಿನ ಹಾಕಿದರೆ ಮೂಗು ಇನ್ನಷ್ಟು ಕಟ್ಟುತ್ತದೆ. ಆ್ಯಂಟಿಬಯೋಟಿಕ್ ಕೇಳಿದರು, ಬೇಡ ಅಂದೆ. ಇಂಥದ್ದು ಹೆಚ್ಚಾಗಿ ವೈರಸ್‌ನಿಂದಲೇ ಬರುವುದು. ಮೂಗು ಬಿಟ್ಟ ಹಾಗೆ ಹಲ್ಲುನೋವೂ ಬಿಟ್ಟಿತು.

ಇದರ ಉಲ್ಟಾ ಕಥೆಯೂ ಇದೆ, ಅದರ ಬಗ್ಗೆ ನನಗೆ ಹೆಚ್ಚು ಭಯ. ಕೀವಾದ ಹಲ್ಲೇ ಸೈನಸ್ ಕೆಡಿಸಬಹುದು. ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಬರುತ್ತಿದ್ದು, ಅದೇ ಕಡೆ ಹಳೆಯ ರೂಟ್ ಕೆನಾಲ್ ಹಲ್ಲಿದ್ದರೆ ನನಗೆ ಮೊದಲ ಅನುಮಾನ ಅದರ ಮೇಲೆ. ಅಂಥ ಹಲ್ಲಿಗೆ ನರವೇ ಇಲ್ಲದ್ದರಿಂದ ತಣ್ಣನೆಯ ಹತ್ತಿ ಏನೂ ಹೇಳುವುದಿಲ್ಲ. ಸಾದಾ ಎಕ್ಸ್‌ರೇಗೂ ಕೆಲವೊಮ್ಮೆ ಕಾಣುವುದಿಲ್ಲ, ಸ್ಕ್ಯಾನ್ ಬೇಕಾಗುತ್ತದೆ. ನೆಗಡಿ 10 ದಿನ ದಾಟಿದರೆ ಅಥವಾ ಇಳಿದು ಮತ್ತೆ ಜೋರಾದರೆ ಕಿವಿ-ಮೂಗು-ಗಂಟಲು ವೈದ್ಯರ ಬಳಿ ಕಳಿಸುತ್ತೇನೆ. ಕಣ್ಣಿನ ಸುತ್ತ ಊತ ಬಂದರೆ ಅಥವಾ ದೃಷ್ಟಿ ಮಂಜಾದರೆ ಅದೇ ದಿನ ಆಸ್ಪತ್ರೆಗೆ.