ಒಂದೇ ಪದ ‘ಸಂಚಕಾರ’, ಅದನ್ನು ನೋಡೋಕೆ ನನಗೆ ನಾಲ್ಕು ದಿನ ಬೇಕಾಯ್ತು

ಎಫೆಸ 1:13-14ರ ಮೇಲೆ ನಾನು ಎರಡು ಸಲ ಪ್ರಸಂಗ ಮಾಡಿದ್ದೇನೆ. ಮೊದಲನೆಯದು ತಪ್ಪಾಗಿತ್ತು. ಎರಡನೆಯದಕ್ಕೆ ಹೇಗೆ ತಯಾರಾದೆ ಅನ್ನೋದನ್ನ ಬರೀತಿದ್ದೇನೆ.

ಆ ವಚನದಲ್ಲಿ ಪವಿತ್ರಾತ್ಮನು ನಮ್ಮ ಬಾಧ್ಯತೆಗೆ ‘ಸಂಚಕಾರ’ ಆಗಿದ್ದಾನೆ ಅಂತ ನಮ್ಮ ಹಳೆಯ ಕನ್ನಡ ಬೈಬಲ್ ಹೇಳುತ್ತದೆ. ಮೊದಲ ಸಲ ನಾನು ಫೋನಿನಲ್ಲಿ, ಬೈಬಲಿನ ಪ್ರತಿ ಮೂಲಪದಕ್ಕೂ ಕೊಟ್ಟಿರುವ ಸ್ಟ್ರಾಂಗ್ಸ್ ನಂಬರ್ ತೆಗೆದೆ, G728, ಗ್ರೀಕಿನಲ್ಲಿ ‘ಅರ್ರಬೋನ್’. ಅದು ಹೀಬ್ರೂ ಮೂಲದ ಪದ ಅಂತ ಕೆಳಗೇ ಇತ್ತು. ಹೀಬ್ರೂವಿನ ‘ಎರಾಬೋನ್’ ಎಲ್ಲಿದೆ ಅಂತ ನೋಡಿದರೆ ಆದಿಕಾಂಡ 38, ಯೆಹೂದ ಮತ್ತು ತಾಮಾರಳ ಕಥೆ. ಆಡಿನ ಮರಿ ಕಳಿಸುವವರೆಗೆ ಯೆಹೂದ ತನ್ನ ಮುದ್ರೆ, ದಾರ, ಕೋಲು ಮೂರನ್ನೂ ಒತ್ತೆ ಇಡುತ್ತಾನೆ. ನನಗೆ ಅಷ್ಟೇ ಸಾಕಾಯ್ತು. ಪವಿತ್ರಾತ್ಮ ಅಂದರೆ ದೇವರು ನಮ್ಮ ಹತ್ತಿರ ಇಟ್ಟ ಒತ್ತೆ ಅಂತ ಮುಕ್ಕಾಲು ಗಂಟೆ ಮಾತಾಡಿದೆ.

ಆರಾಧನೆ ಮುಗಿದ ಮೇಲೆ ಸಿರುಗುಪ್ಪ ಕಡೆಯಿಂದ ಬರುವ ಒಬ್ಬ ಹಿರಿಯರು, ಭತ್ತ ಬೆಳೆಯುವವರು, ಹೊರಗೆ ಬೇವಿನ ಮರದ ಕೆಳಗೆ ನಿಂತು ಕೇಳಿದರು. “ಅಯ್ಯನವರೇ, ಒತ್ತೆ ಇಟ್ಟಿದ್ದನ್ನ ಸಾಲ ತೀರಿದ ಮ್ಯಾಲ ಬಿಡಿಸ್ಕೊಂಡು ಹೋಗ್ತಾರಲ್ರೀ. ಹಂಗಾದ್ರ ದೇವರು ಆತ್ಮನನ್ನ ವಾಪಸ್ ತಗೊಂತಾನೇನ್ರೀ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ತಮ್ಮ ಹೆಂಡತಿಯ ಒಡವೆಯನ್ನು ಎಷ್ಟೋ ಸಲ ಒತ್ತೆ ಇಟ್ಟು ಬಿಡಿಸಿಕೊಂಡವರು. ನಾನು ಹೇಳಿದ್ದನ್ನು ನಂಬಿ, ಅದನ್ನು ಕೊನೆವರೆಗೂ ಯೋಚನೆ ಮಾಡಿ ಈ ಪ್ರಶ್ನೆಗೆ ಬಂದಿದ್ದರು. ಆ ಪ್ರಶ್ನೆ ತುಂಬಾ ದಿನ ನನ್ನನ್ನು ಬಿಡಲಿಲ್ಲ.

ಎರಡನೇ ಸಲ ಆ ಭಾಗ ಬಂದಾಗ ಬುಧವಾರವೇ ಕೂತೆ. ಈ ಸಲ ನಿಘಂಟನ್ನಾಗಲಿ ವ್ಯಾಖ್ಯಾನವನ್ನಾಗಲಿ ಮೊದಲು ತೆಗೆಯಲಿಲ್ಲ. ಮೊದಲು ತಿಳಿದುಕೊಳ್ಳಬೇಕಾಗಿದ್ದು ನಮ್ಮ ಜನ ಈ ಕನ್ನಡ ಪದವನ್ನು ಹೇಗೆ ಕೇಳಿಸಿಕೊಳ್ಳುತ್ತಾರೆ ಅನ್ನೋದು. ಯೌವನಸ್ಥರ ಕೂಟದಲ್ಲಿ ಇಬ್ಬರು ಹುಡುಗರಿಗೆ ವಚನ ಓದಿಸಿ ‘ಸಂಚಕಾರ’ ಅಂದರೆ ಏನಪ್ಪಾ ಅಂದೆ. “ತೊಂದರೆ, ಅಪಾಯ” ಅಂದರು. ಅವರ ತಪ್ಪಲ್ಲ. ಪೇಪರಿನಲ್ಲಿ ಅವರು ಓದುವುದು ‘ಜೀವಕ್ಕೆ ಸಂಚಕಾರ’ ಅಂತಲೇ ಅಲ್ವಾ? ‘ಬಾಧ್ಯತೆ’ ಅನ್ನೋದು ಕೂಡ ಅವರಿಗೆ ಹೊಣೆ, ಸಾಲ ಅನ್ನೋ ಹಾಗೆ ಕೇಳಿಸಿತು, ಆಸ್ತಿಯ ಹಕ್ಕು ಅಂತ ಹೊಳೆಯಲೇ ಇಲ್ಲ. ಅಂದರೆ ವಚನ ಪೂರ್ತಿ ಉಲ್ಟಾ ಆಗಿತ್ತು. ನಾನು ಇಷ್ಟು ವರ್ಷ ಅದನ್ನು ಗಟ್ಟಿಯಾಗಿ ಓದಿ ಮುಂದಕ್ಕೆ ಹೋಗುತ್ತಿದ್ದೆ.

ಆದರೆ ತರ್ಜುಮೆ ಮಾಡಿದವರು ತಪ್ಪು ಪದ ಹಾಕಿಲ್ಲ. ಸಂಚಕಾರಕ್ಕೆ ಹಳೆಯ ಅರ್ಥ ಮುಂಗಡ ಹಣ. ವ್ಯಾಪಾರ ಕುದುರಿದಾಗ ಮಾತು ಗಟ್ಟಿ ಮಾಡೋಕೆ ಕೊಡುವ ದುಡ್ಡು. ಕಿಟ್ಟೆಲ್ ಅವರ 1894ರ ನಿಘಂಟಿನಲ್ಲೂ ಈ ಅರ್ಥ ಸಿಗುತ್ತದೆ. ಹೊಲ ಮಾರುವಾಗ ಬರೆಸುವ ಕರಾರಿಗೆ ‘ಸಂಚಕಾರ ಪತ್ರ’ ಅಂತ ಉತ್ತರ ಕರ್ನಾಟಕದ ಹಳಬರು ಹೇಳುತ್ತಾರೆ. ನಮ್ಮ ಸಭೆಯಲ್ಲಿ ತೆಲುಗು ಮನೆಮಾತಿನವರು ಬಹಳ ಜನ ಇದ್ದಾರೆ, ಬಳ್ಳಾರಿ ಅಲ್ವಾ. ಅವರ ತೆಲುಗು ಬೈಬಲ್‌ನಲ್ಲಿ ಇದೇ ಜಾಗದಲ್ಲಿ ‘ಸಂಚಕರುವು’ ಅಂತ ಇದೆ. ಅದೂ ಇದೇ ಮುಂಗಡ.

ಗುರುವಾರ ಗ್ರೀಕ್ ಕಡೆಗೆ ಹೋದೆ. ನನಗೆ ಗ್ರೀಕ್ ಅಕ್ಷರ ಓದೋಕೆ ಬರುತ್ತದೆ, ವ್ಯಾಕರಣ ಸ್ವಲ್ಪ ಗೊತ್ತು, ಅಷ್ಟೇ. STEP Bible ಅನ್ನೋ ವೆಬ್‌ಸೈಟ್ ತೆರೆದು ಪದದ ಮೇಲೆ ಒತ್ತಿದರೆ ಅದು ಬಂದ ಎಲ್ಲ ವಚನಗಳನ್ನೂ ತೋರಿಸುತ್ತದೆ. ಹೊಸ ಒಡಂಬಡಿಕೆಯಲ್ಲಿ ‘ಅರ್ರಬೋನ್’ ಮೂರೇ ಸಲ ಬರುತ್ತದೆ: 2 ಕೊರಿಂಥ 1:22, 2 ಕೊರಿಂಥ 5:5, ಎಫೆಸ 1:14. ಮೂರೂ ಪೌಲನ ಪತ್ರಗಳು, ಮೂರರಲ್ಲೂ ಅದು ಪವಿತ್ರಾತ್ಮನ ಬಗ್ಗೆ, ಮೂರರಲ್ಲೂ ಕೊಡುವವನು ದೇವರು. ಮೂರನ್ನೂ ಸುತ್ತಲಿನ ವಚನಗಳ ಜೊತೆ ಒಂದು ಹಾಳೆ ಮೇಲೆ ಕೈಯಲ್ಲಿ ಬರೆದುಕೊಂಡೆ. ಫೋನಿನಲ್ಲಿ ಸುಮ್ನೆ ನೋಡಿದರೆ ಕಣ್ಣು ಜಾರಿಹೋಗುತ್ತದೆ, ಬರೆದರೆ ನಿಲ್ಲುತ್ತದೆ.

ಹಾಗೆ ಬರೆಯುವಾಗ ಮೂರು ಕಡೆಯೂ ಮುಂದೆ ಬರಬೇಕಾದ ಇನ್ನೂ ದೊಡ್ಡದೊಂದು ಇದೆ ಅಂತ ಕಂಡಿತು. ಎಫೆಸದಲ್ಲಿ ಅದು ಬಾಧ್ಯತೆ. 2 ಕೊರಿಂಥ 5ರಲ್ಲಿ ಈ ದೇಹವೆಂಬ ಗುಡಾರ ಹೋಗಿ, ಮರಣಾಧೀನವಾದದ್ದು ಜೀವದಲ್ಲಿ ನುಂಗಿಹೋಗುವುದು. 2 ಕೊರಿಂಥ 1ರಲ್ಲಿ ದೇವರ ವಾಗ್ದಾನಗಳಿಗೆಲ್ಲ ಕ್ರಿಸ್ತನಲ್ಲಿ ‘ಹೌದು’ ಅನ್ನೋ ಮಾತಿನ ಬೆನ್ನಿಗೇ ಈ ಪದ ಬರುತ್ತದೆ. ಎಲ್ಲೂ ಆತ್ಮನನ್ನು ವಾಪಸ್ ತೆಗೆದುಕೊಂಡು ಅದರ ಬದಲಿಗೆ ಬೇರೇನೋ ಕೊಡುವ ಸೂಚನೆ ಇಲ್ಲ. ಹಿರಿಯರ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು, ಅದೂ ಇನ್ನೂ ಗ್ರೀಕ್ ನಿಘಂಟು ತೆರೆಯುವ ಮೊದಲೇ.

ಆಮೇಲೆ ನಿಘಂಟು. ಪುಕ್ಕಟೆ ಸಿಗುವ ಥೇಯರ್ ಗ್ರೀಕ್ ನಿಘಂಟು 1880ರ ದಶಕದ್ದು. ಈಜಿಪ್ಟಿನ ಮರಳಿನಲ್ಲಿ ಸಿಕ್ಕ ಪಪೈರಸ್ ಕಾಗದಗಳ ದೊಡ್ಡ ರಾಶಿ ಹೊರಗೆ ಬಂದಿದ್ದು ಅದಾದ ಮೇಲೆ. ಆದ್ದರಿಂದ ಥೇಯರ್ ಒಂದನ್ನೇ ನಂಬಿದರೆ ಸಾಲದು. ಈ ಪದಕ್ಕೆ ಮೌಲ್ಟನ್ ಮತ್ತು ಮಿಲಿಗನ್ ಅವರ ಪದಕೋಶ ನೋಡಲೇಬೇಕು. ಆ ಪಪೈರಸ್‌ಗಳಲ್ಲಿ ಸಾಮಾನ್ಯ ಜನ ಬರೆದ ಪತ್ರ, ಲೆಕ್ಕ, ಕರಾರುಗಳಿಂದ ಅವರು ಉದಾಹರಣೆ ಕೊಡುತ್ತಾರೆ. ಹಳೆಯದಾದ್ದರಿಂದ ಅದೂ ಪುಕ್ಕಟೆ ಸಿಗುತ್ತದೆ.

ಅಲ್ಲಿ ಒಂದು ಪತ್ರ ಇದೆ, ಒಂದನೇ ಶತಮಾನದ ಕೊನೆಯದ್ದು. ಅದನ್ನು ಓದಿ ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ. ಲಾಂಪೋನ್ ಅನ್ನೋ ಒಬ್ಬ ಇಲಿ ಹಿಡಿಯುವವನಿಗೆ, ಇಲಿಗಳು ಮರಿ ಹಾಕುವ ಮೊದಲೇ ಹಿಡಿಯಲಿ ಅಂತ, ನಿನ್ನ ಪರವಾಗಿ 8 ದ್ರಾಕ್ಮ ‘ಅರ್ರಬೋನ್’ ಕೊಟ್ಟಿದ್ದೇನೆ, ಆ ಹಣ ನನಗೆ ಕಳಿಸು ಅಂತ ಒಬ್ಬ ಇನ್ನೊಬ್ಬನಿಗೆ ಬರೆಯುತ್ತಾನೆ. ಇನ್ನೊಂದರಲ್ಲಿ ಆಕಳು ಮಾರುವ ಹೆಂಗಸಿಗೆ ಅರ್ರಬೋನ್ ಸಿಗುತ್ತದೆ. ಇಲ್ಲಿ ಕೊಟ್ಟಿದ್ದು ವಾಪಸ್ ಬರುವ ಒತ್ತೆ ಅಲ್ಲ. ಕೂಲಿಯಲ್ಲೋ ಬೆಲೆಯಲ್ಲೋ ಅದು ಮೊದಲ ಭಾಗ. ನಮ್ಮ ಗಾರೆ ಕೆಲಸದವರಿಗೆ ಅಡ್ವಾನ್ಸ್ ಕೊಡ್ತೀವಲ್ಲ, ಅದೇ.

ಹಾಗಾದರೆ ಆದಿಕಾಂಡ 38 ಸುಳ್ಳಾ? ಅಲ್ಲ. ಗ್ರೀಕ್ ಹಳೆಯ ಒಡಂಬಡಿಕೆಯಲ್ಲೂ ಯೆಹೂದನ ಆ ಒತ್ತೆಗೆ ಇದೇ ‘ಅರ್ರಬೋನ್’ ಪದ ಹಾಕಿದ್ದಾರೆ. ಅಂದರೆ ಪದಕ್ಕೆ ಒತ್ತೆ, ಮುಂಗಡ ಎರಡೂ ಅರ್ಥಕ್ಕೆ ಜಾಗ ಇದೆ. ಎಲ್ಲಿಂದ ಬಂತು ಅನ್ನೋದು ಪದದ ಊರು ಹೇಳುತ್ತದೆ, ಪೌಲ ಅದನ್ನು ಯಾವ ಅರ್ಥದಲ್ಲಿ ಹೇಳಿದ ಅನ್ನೋದನ್ನು ಪೌಲನ ವಾಕ್ಯವೇ ಹೇಳಬೇಕು. ನಾನು ಮೊದಲ ಸಲ ಊರು ನೋಡಿ ತೀರ್ಮಾನ ಮಾಡಿಬಿಟ್ಟಿದ್ದೆ. ಇದಕ್ಕೆ ಎದುರಿನ ತಪ್ಪೂ ಇದೆ. ಈಗಿನ ಗ್ರೀಕಿನಲ್ಲಿ ಇದೇ ಪದದಿಂದ ಬಂದ ಮಾತು ನಿಶ್ಚಿತಾರ್ಥಕ್ಕೆ ಬಳಕೆಯಲ್ಲಿದೆ. ಅದನ್ನು ಹಿಡಿದು ಪವಿತ್ರಾತ್ಮ ನಮ್ಮ ನಿಶ್ಚಿತಾರ್ಥದ ಉಂಗುರ ಅಂತ ಪ್ರಸಂಗ ಮಾಡೋದನ್ನ ನಾನು ಕೇಳಿದ್ದೇನೆ. ಕೇಳೋಕೆ ಚೆನ್ನಾಗಿರುತ್ತದೆ, ಆದರೆ ಎಷ್ಟೋ ನೂರು ವರ್ಷ ಆಮೇಲಿನ ಅರ್ಥವನ್ನು ಪೌಲನ ಬಾಯಿಗೆ ಹಾಕಿದಂತೆ ಆಗುತ್ತದೆ.

ಶುಕ್ರವಾರ ಇಂಗ್ಲಿಷ್ ತರ್ಜುಮೆಗಳನ್ನು ಪಕ್ಕಪಕ್ಕ ಇಟ್ಟೆ. ಕಿಂಗ್ ಜೇಮ್ಸ್‌ನಲ್ಲಿ ‘ಅರ್ನೆಸ್ಟ್’, 1995ರ ಎನ್‌ಎಎಸ್‌ಬಿಯಲ್ಲಿ ‘ಪ್ಲೆಡ್ಜ್’, ಇಎಸ್‌ವಿಯಲ್ಲಿ ‘ಗ್ಯಾರಂಟಿ’, ಎನ್‌ಐವಿಯಲ್ಲಿ ‘ಡಿಪಾಸಿಟ್’. ಹೀಗೆ ತರ್ಜುಮೆಗಳು ಬೇರೆ ಬೇರೆ ದಾರಿ ಹಿಡಿದ ಕಡೆ ನಿಂತು ನೋಡಬೇಕು ಅಂತ ನನಗೆ ಅರ್ಥ. ಇದರಲ್ಲಿ ‘ಡಿಪಾಸಿಟ್’ ನಮ್ಮೂರಿಗೆ ಅಪಾಯ. ಬಾಡಿಗೆ ಮನೆಯ ಡಿಪಾಸಿಟ್ ಖಾಲಿ ಮಾಡುವಾಗ ವಾಪಸ್ ಬರುತ್ತದೆ, ಮತ್ತೆ ಅದೇ ಒತ್ತೆಯ ಗುಂಡಿಗೆ ಬೀಳುತ್ತೇವೆ.

ವ್ಯಾಖ್ಯಾನಗಳನ್ನು ತೆಗೆದಿದ್ದು ಇಷ್ಟಾದ ಮೇಲೆಯೇ. ಮೊದಲೇ ಓದಿದರೆ ಅವರು ಹೇಳಿದ್ದನ್ನೇ ಕಣ್ಣು ಹುಡುಕುತ್ತದೆ. ಒಂದೇ ವ್ಯಾಖ್ಯಾನ ಓದಿ ನಿಲ್ಲಿಸುವುದೂ ಇಲ್ಲ. ಲೈಟ್‌ಫುಟ್ ಅವರ ಎಫೆಸ ಟಿಪ್ಪಣಿ ಹಳೆಯದು, ಆದರೆ ಈ ಪದಕ್ಕೆ ಬಹಳ ಸ್ಪಷ್ಟ. ಒತ್ತೆ ಬೇರೆ, ಅರ್ರಬೋನ್ ಬೇರೆ, ಅರ್ರಬೋನ್ ಮುಂದೆ ಬರುವ ಪೂರ್ತಿಯ ಒಂದು ಭಾಗ, ಅದೇ ಜಾತಿಯದ್ದು ಅನ್ನುತ್ತಾರೆ ಅವರು. ನನಗೆ ಬಂದ ಅನುಮಾನ ಏನಂದರೆ, ‘ಅದೇ ಜಾತಿ’ ಅನ್ನೋದು ಪದದಿಂದಲೇ ಬರುತ್ತದಾ? ಲಾಂಪೋನ್‌ನದು ದುಡ್ಡಿಗೆ ದುಡ್ಡು, ಸರಿ. ಯೆಹೂದನದು ಕೋಲು, ಬರಬೇಕಿದ್ದದ್ದು ಆಡಿನ ಮರಿ. ಹಾಗಾಗಿ ಪದ ಒಂದೇ ಅಷ್ಟು ಭಾರ ಹೊರಲಾರದು. ಆದರೆ ರೋಮ 8:23ರಲ್ಲಿ ಪೌಲ ಆತ್ಮನನ್ನು ಪ್ರಥಮಫಲ ಅನ್ನುತ್ತಾನೆ, ಅದೂ ದೇಹದ ಬಿಡುಗಡೆಗೆ ಕಾಯುವ ಮಾತಿನಲ್ಲೇ. ಮೊದಲ ತೆನೆಯೂ ಉಳಿದ ಬೆಳೆಯೂ ಒಂದೇ ಹೊಲದ್ದು. ಆ ವಚನದ ಬಲದಿಂದ ನಾನು ಲೈಟ್‌ಫುಟ್ ಹೇಳಿದ್ದನ್ನು ಒಪ್ಪಿಕೊಂಡೆ.

ಹೋಲಿಕೆಗೂ ಒಂದು ಗಡಿ ಹಾಕಿಕೊಂಡೆ. ನಮ್ಮಲ್ಲಿ ಕೊಳ್ಳುವವನು ಹಿಂದೆ ಸರಿದರೆ ಮುಂಗಡ ಮುಳುಗುತ್ತದೆ. ಇದನ್ನು ದೇವರಿಗೆ ಎಳೆಯಬಾರದು. ಯಾರು ಏನನ್ನು ಕೊಂಡರು, ನಾವು ಬದಲಿಗೆ ಏನು ಕೊಡಬೇಕು ಅಂತಲೂ ಎಳೆಯಬಾರದು. ಪೌಲ ಹೇಳುತ್ತಿರುವುದು ಇಷ್ಟೇ: ಮೊದಲ ಭಾಗ ಕೈಗೆ ಬಂದಿದೆ, ಪೂರ್ತಿ ಬರುವುದು ಖಂಡಿತ.

ಭಾನುವಾರ ಪ್ರಸಂಗದಲ್ಲಿ ಗ್ರೀಕ್ ಪದ ಒಂದು ಸಲವೂ ಹೇಳಲಿಲ್ಲ. ಮೊದಲು, ಹಿಂದೆ ನಾನು ಒತ್ತೆ ಅಂತ ಹೇಳಿದ್ದು ತಪ್ಪು ಅಂತ ಸಭೆ ಮುಂದೆ ಹೇಳಿದೆ. ಆಮೇಲೆ ‘ಸಂಚಕಾರ’ ಅಂದರೆ ಅಪಾಯ ಅಲ್ಲ, ಬಾಧ್ಯತೆ ಅಂದರೆ ಇಲ್ಲಿ ಆಸ್ತಿ ಅಂತ ಬಿಡಿಸಿ, ಸಂಚಕಾರ ಪತ್ರ ನೋಡಿದವರು ಕೈ ಎತ್ತಿ ಅಂದೆ. ಆರೇಳು ಹಿರಿಯರು ಎತ್ತಿದರು. ಒಬ್ಬ ತೆಲುಗು ಅಜ್ಜಿ ಕೂತಲ್ಲಿಂದಲೇ “ಸಂಚಕರುವು” ಅಂತ ಗಟ್ಟಿಯಾಗಿ ಹೇಳಿ ಪಕ್ಕದ ಹುಡುಗಿಗೆ ವಿವರಿಸೋಕೆ ಶುರು ಮಾಡಿದರು.

ಸಿರುಗುಪ್ಪದ ಆ ಹಿರಿಯರೂ ಬಂದಿದ್ದರು. ಮುಗಿದ ಮೇಲೆ ಅದೇ ಬೇವಿನ ಮರದ ಕೆಳಗೆ ನಿಂತು, “ಹಂಗಾದ್ರ ಕೊಟ್ಟಿದ್ದು ಲೆಕ್ಕಕ್ಕ ಸೇರೇ ಐತಿ, ವಾಪಸ್ ಹೋಗಂಗಿಲ್ಲ” ಅಂದರು. ಹೌದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮತ್ತ ರಿಜಿಸ್ಟರ್ ಯಾವಾಗ್ರೀ ಅಯ್ಯನವರೇ?” ಅಂದರು. ನಾನು ಎಫೆಸ 4:30 ತೆಗೆದು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ‘ವಿಮೋಚನೆಯ ದಿನ’ ಅನ್ನೋ ಮಾತಿನ ಕೆಳಗೆ ಬೆರಳಿಟ್ಟು ಎರಡು ಸಲ ಓದಿದರು.